ನವೆಂಬರ್ 18ರ ತಪ್ಪು ಧಾರಣೆ: ಏನಾಯಿತು, ಯಾಕಾಯಿತು, ಏನು ಸರಿ ಮಾಡಿದ್ದೇವೆ

ಸಂಘದ ಆಡಳಿತ ಮಂಡಳಿ ಮತ್ತು ಸದಸ್ಯರಿಗೆ, ರಾಯಚೂರು ಕಚೇರಿಯ ಮಾಹಿತಿ ವಿಭಾಗದಿಂದ

ನವೆಂಬರ್ 18, ಮಂಗಳವಾರ ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ನಮ್ಮ ಧಾರಣೆ ಪುಟದಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ತಪ್ಪು ದರ ಹೋಗಿದೆ. ಮಾದರಿ ಧಾರಣೆ ಇರಬೇಕಾದ ಕಡೆ ಗರಿಷ್ಠ ಧಾರಣೆ ಬಂದಿತ್ತು. ಹತ್ತಿ ಕ್ವಿಂಟಲ್‌ಗೆ 6,940 ಇರಬೇಕಿತ್ತು, 7,650 ತೋರಿಸಿತು. ಶೇಂಗಾ 5,850ರ ಬದಲು 6,420. ಈರುಳ್ಳಿಯದು ಎಲ್ಲಕ್ಕಿಂತ ಕೆಟ್ಟದ್ದು: 1,150ರ ಜಾಗದಲ್ಲಿ 1,900. ಆವಕದ ಅಂಕಿ ಮಾತ್ರ ಸರಿ ಇತ್ತು.

ಗರಿಷ್ಠ ದರ ಸುಳ್ಳು ದರವೇನಲ್ಲ. ಅವತ್ತಿನ ಒಂದೆರಡು ಒಳ್ಳೆ ಲಾಟ್‌ಗೆ ಸಿಕ್ಕಿರುತ್ತದೆ. ಆದರೆ ಮಾಲು ತರಬೇಕಾ ಬೇಡವಾ ಅಂತ ರೈತರು ಲೆಕ್ಕ ಹಾಕುವುದು ಮಾದರಿ ದರ ನೋಡಿಯೇ. ದೇವದುರ್ಗ ಮತ್ತು ಸಿರವಾರ ಕಡೆಯ ನಾಲ್ವರು ಸದಸ್ಯರು ನಮ್ಮ ಮೆಸೇಜ್ ನಂಬಿ ಗಾಡಿ ಬಾಡಿಗೆ ಮಾಡಿ ಯಾರ್ಡಿಗೆ ಬಂದರು. ಇಬ್ಬರು ಸಿಕ್ಕ ದರಕ್ಕೆ ಮಾರಿದರು, ಇನ್ನಿಬ್ಬರು ಮಾಲು ವಾಪಸ್ ಒಯ್ದರು.

ಕಾರಣ

ಯಾರ್ಡಿನಿಂದ ದಿನದ ಧಾರಣೆ ಒಂದು ಗೂಗಲ್ ಶೀಟಿನಲ್ಲಿ ಬರುತ್ತದೆ. ಅದರ ಕಾಲಂಗಳು ಹೀಗಿದ್ದವು: ಉತ್ಪನ್ನ, ಆವಕ, ಕನಿಷ್ಠ, ಗರಿಷ್ಠ, ಮಾದರಿ. 17ರ ಸಂಜೆ ಆವಕದ ಪಕ್ಕದಲ್ಲಿ 'ಲಾಟ್' ಅನ್ನುವ ಹೊಸ ಕಾಲಂ ಸೇರಿತು. ಶೀಟ್ ತುಂಬುವವರು ಅವರ ಕೆಲಸಕ್ಕೆ ಬೇಕಾಗಿ ಸೇರಿಸಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ಇದ್ದದ್ದು ನಮ್ಮ ಸೂತ್ರದಲ್ಲಿ:

```
=VLOOKUP($A2, data!$A:$H, 5, FALSE)
```

ಇದು 'ಮಾದರಿ'ಯನ್ನು ಹುಡುಕುವುದಿಲ್ಲ. ಐದನೇ ಕಾಲಂನಲ್ಲಿ ಏನಿದೆಯೋ ಅದನ್ನು ತರುತ್ತದೆ, ಅಷ್ಟೇ. ಎಲ್ಲವೂ ಒಂದು ಮನೆ ಮುಂದೆ ಸರಿದಾಗ ಐದನೆಯದು ಗರಿಷ್ಠ ಆಯಿತು.

ತಪಾಸಣೆ ಇರಲಿಲ್ಲ ಅಂತಲ್ಲ. ಖಾಲಿ ಇದೆಯಾ, ಹತ್ತಿ 3,000ದಿಂದ 12,000ದ ಒಳಗಿದೆಯಾ ಅಂತ ನೋಡುತ್ತಿತ್ತು. 7,650 ಸಲೀಸಾಗಿ ಪಾಸಾಯಿತು. ಕನಿಷ್ಠ ಮತ್ತು ಗರಿಷ್ಠವನ್ನೂ ಓದಿ, ಮಾದರಿ ಅವೆರಡರ ನಡುವೆ ಇದೆಯಾ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಯಾಕಂದರೆ ಅವತ್ತು 'ಕನಿಷ್ಠ' ಅಂತ ಬರುತ್ತಿದ್ದದ್ದು ಲಾಟ್ ಸಂಖ್ಯೆ 212, 'ಗರಿಷ್ಠ' ಅಂತ ಬರುತ್ತಿದ್ದದ್ದು ನಿಜವಾದ ಕನಿಷ್ಠ 5,200. ಮಾದರಿ ಗರಿಷ್ಠಕ್ಕಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ, ಅಲ್ವಾ? ಪುಟದಲ್ಲಿ ಮಾದರಿ ಮತ್ತು ಆವಕ ಮಾತ್ರ ಕಾಣುವುದರಿಂದ ಓದುಗರ ಕಣ್ಣಿಗೂ ಇದು ಬೀಳಲಿಲ್ಲ.

ಇಡೀ ದಿನ ಯಾಕೆ ಹಿಡಿಯಿತು

ಇದು ಕಾರಣಕ್ಕಿಂತ ದೊಡ್ಡ ವಿಷಯ. ಬೆಳಿಗ್ಗೆ 11:20ಕ್ಕೇ ಯಾರ್ಡಿನಿಂದ ಒಬ್ಬ ಸದಸ್ಯರ ಫೋನ್ ಬಂತು: "ಮೆಸೇಜಿನ್ಯಾಗ ಒಂದ್ ರೇಟ್ ಐತಿ, ಇಲ್ಲಿ ಟೆಂಡರಿನ್ಯಾಗ ಒಂದ್ ರೇಟ್ ಐತಿ. ಯಾವ್ದು ಖರೇ ರೀ?" ಮಾರ್ಕೆಟ್ ಏರಿಳಿತ ಇರುತ್ತದೆ ಅಂತ ಕಚೇರಿಯಿಂದ ಉತ್ತರ ಹೋಯಿತು. ಮಧ್ಯಾಹ್ನ ಇನ್ನೆರಡು ಫೋನ್ ಬಂದ ಮೇಲೆ ಯಾರ್ಡಿನ ಬೋರ್ಡ್ ಜೊತೆ ತಾಳೆ ನೋಡಿ, 3 ಗಂಟೆಗೆ ಮೂರೂ ದರವನ್ನು ಕೈಯಲ್ಲೇ ತಿದ್ದಿದರು. 4 ಗಂಟೆಗೆ ಆಟೊಮ್ಯಾಟಿಕ್ ಅಪ್‌ಡೇಟ್ ಓಡಿ ಹಳೇ ತಪ್ಪನ್ನೇ ಮತ್ತೆ ಹಾಕಿತು. ಎರಡು ಗಂಟೆಗೊಮ್ಮೆ ಓಡುವುದು ಅದರ ಕೆಲಸ. ಮತ್ತೆ ತಿದ್ದಿದರು, 6ಕ್ಕೆ ಮತ್ತೆ ಅದೇ ಕತೆ.

ಅದನ್ನು ನಿಲ್ಲಿಸೋಣ ಅಂದರೆ ಕಚೇರಿಯ ಲಾಗಿನ್‌ನಲ್ಲಿ ಅದನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಟ್ರಿಗರ್ ಕಾಣಿಸಲೇ ಇಲ್ಲ. ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಯಾರ ಖಾತೆಯಿಂದ ಟ್ರಿಗರ್ ಹಾಕಿದೆಯೋ ಅವರಿಗೆ ಮಾತ್ರ ಅದು ಕಾಣುತ್ತದೆ. ಹಾಕಿದ ಸಹೋದ್ಯೋಗಿ ಅವತ್ತು ಬೆಂಗಳೂರಿಗೆ ಹೊರಟಿದ್ದರು, ಫೋನ್ ಸಿಗಲಿಲ್ಲ. 19ರ ಬೆಳಿಗ್ಗೆ ಬಸ್ಸಿಳಿದ ಮೇಲೆ ಟ್ರಿಗರ್ ತೆಗೆದರು. 6:40ಕ್ಕೆ ಎಲ್ಲ ಗುಂಪುಗಳಿಗೂ ತಿದ್ದುಪಡಿ ಹೋಯಿತು. ಆದರೆ ಅಷ್ಟರಲ್ಲಿ ಫಾರ್ವರ್ಡ್ ಆಗಿ ಬೇರೆ ಗುಂಪುಗಳಿಗೆ ಹೋದದ್ದು ನಮ್ಮ ಕೈಯಲ್ಲಿಲ್ಲ.

ಸರಿ ಮಾಡಿದ್ದು

ಸೂತ್ರ ಈಗ ಕಾಲಂ ಹೆಸರು ನೋಡಿ ತರುತ್ತದೆ. ಹೆಸರು ಬದಲಾದರೆ ಸುಮ್ನೆ ಬೇರೆ ಅಂಕಿ ತರುವುದಿಲ್ಲ, ಎರರ್ ಕೊಡುತ್ತದೆ:

```
=INDEX(data!$A:$H,
  MATCH($A2, data!$A:$A, 0),
  MATCH("ಮಾದರಿ", data!$1:$1, 0))
```

ಕನಿಷ್ಠ, ಮಾದರಿ, ಗರಿಷ್ಠ ಈ ಕ್ರಮದಲ್ಲಿ ಇಲ್ಲದಿದ್ದರೆ ಪ್ರಕಟಣೆ ನಿಲ್ಲುತ್ತದೆ. ಹಿಂದಿನ ದಿನಕ್ಕಿಂತ ಹತ್ತಿ ಮತ್ತು ಶೇಂಗಾ ಶೇ. 7ಕ್ಕಿಂತ ಹೆಚ್ಚು ಜಿಗಿದರೂ ನಿಲ್ಲುತ್ತದೆ. ಈರುಳ್ಳಿಗೆ ಶೇ. 25 ಇಟ್ಟಿದ್ದೇವೆ. ಅದಕ್ಕೂ 7 ಇಟ್ಟರೆ ದಿನಾ ಅಲಾರಂ ಹೊಡೆದು, ವಾರದಲ್ಲಿ ಎಲ್ಲರೂ ಅದನ್ನು ಕಡೆಗಣಿಸುತ್ತಾರೆ. ಹೀಗೆ ನಿಂತಾಗ ಪುಟ ಖಾಲಿ ಇರುವುದಿಲ್ಲ, ಹಿಂದಿನ ದಿನದ ದರ ಅದರ ತಾರೀಕಿನ ಜೊತೆ ಕಾಣುತ್ತದೆ.

ಟ್ರಿಗರ್ ಈಗ ಸಂಘದ ಖಾತೆಯಲ್ಲಿದೆ. ಶೀಟಿನ ಮೇಲ್ಗಡೆ ಒಂದು ಕೆಂಪು ಮನೆ ಮಾಡಿದ್ದೇವೆ. ಅದರಲ್ಲಿ 'ನಿಲ್ಲಿಸು' ಅಂತ ಬರೆದರೆ ಮುಂದಿನ ಅಪ್‌ಡೇಟ್ ಓಡುವುದಿಲ್ಲ, ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ದರದ ಬಗ್ಗೆ ಫೋನ್ ಬಂದರೆ ಮೊದಲು ಬೋರ್ಡ್ ಫೋಟೊ ತರಿಸಿ ತಾಳೆ ನೋಡಬೇಕು, ಆಮೇಲೆ ಉತ್ತರ.

ಬಾಕಿ ಇರುವುದು ಎರಡು. ಕಾಲಂ ಬದಲಿಸುವ ಮುಂಚೆ ಒಂದು ಮಾತು ಹೇಳಿ ಅಂತ ಯಾರ್ಡಿನವರಿಗೆ ಪತ್ರ ಕೊಡಬೇಕು, ಇದು 25ರೊಳಗೆ. ನಾಲ್ವರು ಸದಸ್ಯರ ಗಾಡಿ ಬಾಡಿಗೆಯನ್ನು ಸಂಘವೇ ಕೊಡಬೇಕು ಅನ್ನುವುದು ನಮ್ಮ ಅಭಿಪ್ರಾಯ. ರಸೀದಿಗಳನ್ನು ಈ ವರದಿ ಜೊತೆ ಲಗತ್ತಿಸಿದ್ದೇವೆ, ಮುಂದಿನ ಸಭೆಯಲ್ಲಿ ಮಂಡಳಿ ತೀರ್ಮಾನ ಮಾಡಲಿ.