9ನೇ ತರಗತಿ ಗಣಿತ ಕಿರುಪರೀಕ್ಷೆ: ಸಿಬ್ಬಂದಿ ಸಭೆಗೆ ಫಲಿತಾಂಶದ ಟಿಪ್ಪಣಿ

ಹೆಚ್.ಎಂ. ಮೇಡಂ ಮತ್ತು ಸಹೋದ್ಯೋಗಿಗಳಿಗೆ,

ಪಾಠ: ಬಹುಪದೋಕ್ತಿಗಳು. ಒಟ್ಟು 25 ಅಂಕ. ಎ ಮತ್ತು ಬಿ ವಿಭಾಗಕ್ಕೆ ಒಂದೇ ಪ್ರಶ್ನೆಪತ್ರಿಕೆ. ಎರಡರಲ್ಲೂ ತಲಾ 20 ಮಕ್ಕಳು ಬರೆದಿದ್ದಾರೆ. ಬಿ ವಿಭಾಗದಲ್ಲಿ ಇಬ್ಬರು ಗೈರು. ಅವರಿಗೆ ಸೊನ್ನೆ ಹಾಕಿಲ್ಲ, ಲೆಕ್ಕದಿಂದಲೇ ಬಿಟ್ಟಿದ್ದೇನೆ. ಸೊನ್ನೆ ಹಾಕಿದ್ದರೆ ಬಿ ಸರಾಸರಿ ಸುಮ್ನೆ 12.9ಕ್ಕೆ ಇಳಿಯುತ್ತಿತ್ತು.

| | ಎ | ಬಿ |
|---|---|---|
| ಸರಾಸರಿ | 14.2 | 14.2 |
| ಮಧ್ಯಾಂಕ | 14 | 15 |
| ಕನಿಷ್ಠ – ಗರಿಷ್ಠ | 9 – 19 | 3 – 24 |
| ಮಾನಕ ವಿಚಲನೆ | 2.5 | 6.9 |

ಸರಾಸರಿ ಮಾತ್ರ ನೋಡಿದರೆ ಎರಡೂ ವಿಭಾಗ ಒಂದೇ. ಮಧ್ಯಾಂಕ ನೋಡಿದರೆ ಬಿ ಒಂದು ಕೈ ಮೇಲು! ಆದರೆ ಕೊನೆಯ ಸಾಲು ನೋಡಿ. ಮಕ್ಕಳ ಅಂಕ ಸರಾಸರಿಯಿಂದ ಎಷ್ಟು ದೂರ ಚದುರಿದೆ ಎಂದು ಅದು ಹೇಳುತ್ತದೆ. ಎ ಮಕ್ಕಳು 14ರ ಆಸುಪಾಸಿನಲ್ಲೇ ಇದ್ದಾರೆ. ಬಿ ಮಕ್ಕಳು ಎರಡು ಗುಂಪಾಗಿ ಒಡೆದಿದ್ದಾರೆ. ಒಂದು ಚೌಕಕ್ಕೆ ಒಂದು ಮಗು:

```
ಅಂಕ      ಎ
 0-5    
 6-10   ■■
11-15   ■■■■■■■■■■■■
16-20   ■■■■■■
21-25   

ಅಂಕ      ಬಿ
 0-5    ■■■
 6-10   ■■■■■
11-15   ■■■
16-20   ■■■■
21-25   ■■■■■
```

ಬಿ ವಿಭಾಗದ ಸರಾಸರಿ 14.2 ಅಂತೀವಲ್ಲ, 14 ಅಂಕ ತೆಗೆದ ಮಗು ಅಲ್ಲಿ ಒಂದೂ ಇಲ್ಲ. ಆ ಸರಾಸರಿಗೆ ತಕ್ಕಂತೆ ಪಾಠ ಮಾಡಿದರೆ ಮೇಲಿನವರಿಗೆ ಬೇಜಾರು, ಕೆಳಗಿನವರಿಗೆ ಅರ್ಥವಾಗದು.

9ಕ್ಕಿಂತ ಕಡಿಮೆ ಬಂದವರು ಬಿ ವಿಭಾಗದ 6 ಮಕ್ಕಳು ಮಾತ್ರ. ಅವರ ಉತ್ತರಪತ್ರಿಕೆಗಳನ್ನು ಮತ್ತೆ ಓದಿದೆ. ತೊಂದರೆ ಈ ಪಾಠದ್ದಲ್ಲ, ಹಿಂದಿನ ತರಗತಿಯದ್ದು. (a − b)² ಅಂದರೆ a² − b² ಎಂದೇ ಬರೆದಿದ್ದಾರೆ. ಋಣ ಚಿಹ್ನೆ ಬಂದ ಕಡೆ ಗುಣಾಕಾರವೇ ತಪ್ಪಿದೆ. ಇದೇ ಪಾಠವನ್ನು ಇನ್ನೊಮ್ಮೆ ಮಾಡಿದರೆ ಉಪಯೋಗವಿಲ್ಲ.

ಎ ವಿಭಾಗದಲ್ಲಿ ಎಲ್ಲರೂ ಪಾಸು. ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ, ಒಬ್ಬರೂ 20 ಮುಟ್ಟಿಲ್ಲ. ಘನ ಬಹುಪದೋಕ್ತಿಯನ್ನು ಅಪವರ್ತಿಸುವ 5 ಅಂಕದ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಮುಟ್ಟಿಯೇ ಇಲ್ಲ. ಬಿಯ ಐದು ಜನ ಅದನ್ನು ಬಿಡಿಸಿದ್ದಾರೆ, ಹಾಗಾಗಿ ಪ್ರಶ್ನೆ ಕಷ್ಟ ಅನ್ನುವಂತಿಲ್ಲ. ಎ ಮಕ್ಕಳಿಗೆ ಅಭ್ಯಾಸ ಸಾಲದು ಅಷ್ಟೇ.

ಲೆಕ್ಕ ಎಕ್ಸೆಲ್‌ನಲ್ಲಿ ಮಾಡಿದ್ದು. ಬೇರೆ ವಿಷಯದವರೂ ಇದನ್ನೇ ಬಳಸಬಹುದು, ಅಂಕಗಳು C2ರಿಂದ C23ರವರೆಗೆ ಇರಲಿ. ಗೈರಾದವರ ಕೋಶ ಖಾಲಿ ಬಿಡಿ:

```
=AVERAGE(C2:C23)
=MEDIAN(C2:C23)
=STDEV.P(C2:C23)
```

ಸಭೆಯಲ್ಲಿ ತೀರ್ಮಾನವಾಗಬೇಕಾದ್ದು ಎರಡು. ಆ 6 ಮಕ್ಕಳಿಗೆ ಮುಂದಿನ ನಾಲ್ಕು ಶನಿವಾರ ಕೊನೆಯ ಅವಧಿ ನನಗೆ ಬಿಟ್ಟುಕೊಡಬೇಕು. ಆ ಅವಧಿ ಪಿ.ಇ. ಸರ್ ಅವರದ್ದು, ಅವರು ಒಪ್ಪಿದರೆ ಮಾತ್ರ. ಇನ್ನೊಂದು, ಗೈರಾದ ಇಬ್ಬರಿಗೆ ಸೋಮವಾರ ಮರುಪರೀಕ್ಷೆ ಇಡಲು ಅನುಮತಿ ಬೇಕು.

– ಗಣಿತ ಶಿಕ್ಷಕಿ, 9ನೇ ತರಗತಿ