ಗದ್ದೆ ಬಿಟ್ಟುಕೊಟ್ಟವರು

ವೇದಿಕೆಯ ಮೇಲಿರುವ ಮುಖ್ಯ ಶಿಕ್ಷಕರೇ, ಶಿಕ್ಷಕರೇ, ಊರಿನ ಹಿರಿಯರೇ, ಪಾಲಕರೇ, ನನ್ನ ಗೆಳೆಯ ಗೆಳತಿಯರೇ, ಎಲ್ಲರಿಗೂ ಸ್ವಾತಂತ್ರ್ಯ ದಿನದ ಶುಭಾಶಯಗಳು.

ಆಗಸ್ಟ್ ತಿಂಗಳ ನಮ್ಮ ಅಂಕೋಲೆಯ ಮೋಡವನ್ನು ನಂಬುವ ಹಾಗಿಲ್ಲ. ಹಾಗಾಗಿ ಮಳೆ ಬರುವ ಮೊದಲೇ ಮುಗಿಸುತ್ತೇನೆ.

ಪ್ರತಿ ವರ್ಷ ಈ ದಿನ ನಾವು ಗಾಂಧೀಜಿ, ನೇತಾಜಿ, ಭಗತ್ ಸಿಂಗ್ ಬಗ್ಗೆ ಮಾತಾಡುತ್ತೇವೆ. ಮಾತಾಡಲೇಬೇಕು. ಆದರೆ ಇವತ್ತು ನಾನು ಫೋಟೋ ಇಲ್ಲದವರ ಬಗ್ಗೆ ಹೇಳುತ್ತೇನೆ. ದೂರದವರಲ್ಲ, ನಮ್ಮ ಸುತ್ತಮುತ್ತಲಿನ ಊರಿನವರೇ.

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದು ನಮಗೆಲ್ಲ ಗೊತ್ತು. ಅದರ ಬೆನ್ನಿಗೇ ಶುರುವಾದದ್ದು ಕರನಿರಾಕರಣೆ, ಅಂದರೆ ಸರ್ಕಾರಕ್ಕೆ ಭೂಕಂದಾಯ ಕಟ್ಟುವುದಿಲ್ಲ ಎಂಬ ಹಟ. ಅಂಕೋಲೆ, ಸಿದ್ದಾಪುರ, ಶಿರಸಿ ಕಡೆಯ ರೈತರು ಇದಕ್ಕೆ ಇಳಿದರು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಬೆಳೆಗೆ ಬೆಲೆ ಬಿದ್ದುಹೋಗಿದ್ದ ಕಾಲ ಅದು.

ಕಂದಾಯ ಕಟ್ಟದಿದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅಧಿಕಾರಿಗಳು ಪೊಲೀಸರ ಜೊತೆ ಮನೆ ಬಾಗಿಲಿಗೆ ಬರುತ್ತಾರೆ. ಮೊದಲು ಮನೆಯ ಸಾಮಾನು, ದನಕರು. ಸಾಲದಿದ್ದರೆ ಗದ್ದೆ, ತೋಟ. ಎಲ್ಲ ಜಪ್ತಿ ಮಾಡಿ ಹರಾಜಿಗೆ ಹಾಕುತ್ತಾರೆ. ಗಂಡಸರು ಜೈಲಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅಮ್ಮ, ಅಜ್ಜಿ, ಮಕ್ಕಳು.

ಸ್ವಲ್ಪ ಯೋಚನೆ ಮಾಡಿ. ಗುಂಡಿಗೆ ಎದೆ ಕೊಡುವುದು ದೊಡ್ಡ ಧೈರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜ ಉತ್ತ ಗದ್ದೆ ಬೇರೆಯವರ ಹೆಸರಿಗೆ ಹೋಗಿದೆ, ನಾಳೆ ಅಕ್ಕಿಗೆ ಏನು ಮಾಡುವುದು ಗೊತ್ತಿಲ್ಲ, ಆದರೂ ಬೆಳಿಗ್ಗೆ ಎದ್ದು ‘ಕಂದಾಯ ಕಟ್ಟುವುದಿಲ್ಲ’ ಅನ್ನುವುದು ಬೇರೆ ಥರದ ಧೈರ್ಯ. ಅದನ್ನು ಒಂದು ದಿನ ತೋರಿಸಿದರೆ ಸಾಲದು, ದಿನಾ ತೋರಿಸಬೇಕು. ನನಗೆ ಇದೇ ಜಾಸ್ತಿ ಕಷ್ಟ ಅನಿಸುತ್ತದೆ.

ಎಲ್ಲರೂ ಒಂದೇ ಥರ ಇರಲಿಲ್ಲ, ಇದನ್ನೂ ಹೇಳಬೇಕು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರೂ ಇದ್ದರು. ಆಗ ಸಿದ್ದಾಪುರ ಕಡೆಯ ಹೆಂಗಸರು ಏನು ಮಾಡಿದರು ಗೊತ್ತಾ? ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತರು. ಅಲ್ಲಿಯವರೆಗೆ ಸಭೆ, ಮೆರವಣಿಗೆ ನೋಡದಿದ್ದ ಎಷ್ಟೋ ಹೆಂಗಸರು ಬೇರೆಯವರ ಅಂಗಳದಲ್ಲಿ ಊಟ ಬಿಟ್ಟು ಕೂತಿದ್ದರು. ಒಳಗೆ ಊಟಕ್ಕೆ ಕೂತವರಿಗೆ ತುತ್ತು ಇಳಿದಿರುತ್ತದಾ ಹೇಳಿ?

ಇನ್ನೊಂದು ಮಾತು. ಗದ್ದೆ ಹೋದದ್ದು ಒಡೆಯನಿಗೆ ಮಾತ್ರವಲ್ಲ. ಆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರ, ಕೊಯ್ಲಿಗೆ ಬರುತ್ತಿದ್ದವರ ಕೂಲಿಯೂ ಹೋಯಿತು. ಅವರ ಹೆಸರಿನಲ್ಲಿ ಜಮೀನೇ ಇರಲಿಲ್ಲ, ಹಾಗಾಗಿ ಜಪ್ತಿಯ ಪಟ್ಟಿಯಲ್ಲಿ ಅವರ ಹೆಸರು ಬರುವುದಾದರೂ ಹೇಗೆ? ಅವರ ನಷ್ಟವನ್ನು ಯಾರೂ ಬರೆದಿಡಲಿಲ್ಲ.

1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ಜಮೀನು ವಾಪಸ್ ಕೊಡಿಸುವ ಕೆಲಸ ಆಯಿತು. ಆದರೆ ನಡುವಿನ ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಇದೇ ಕಂದಾಯದ ಕಥೆ ಹಾವೇರಿ ಕಡೆಯೂ ಇದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ರೈತರಿಂದ ವಸೂಲಿ ಮಾಡಿ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದ ಮೈಲಾರ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಹೆಸರು ನಮಗೆ ಗೊತ್ತು. ಅವರ ಜೊತೆಗೇ ಸತ್ತ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹುಬ್ಬಳ್ಳಿಯಲ್ಲಿ 1942ರ ಚಳವಳಿಯಲ್ಲಿ ಗುಂಡೇಟು ತಿಂದು ಸತ್ತ ನಾರಾಯಣ ಡೋಣಿ ನಮ್ಮಂಥ ಹುಡುಗ. ನಮ್ಮ ಹತ್ತನೇ ತರಗತಿಯವರಿಗಿಂತಲೂ ಚಿಕ್ಕವನು.

ಈಗ ಒಂದು ಕೇಳಿಕೆ. ನಿಮ್ಮ ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಆ ಕಾಲದ ಮಾತು ಕೇಳಿರಬಹುದು. ಯಾರ ಗದ್ದೆ ಹೋಯಿತು, ಯಾರು ಜೈಲಿಗೆ ಹೋದರು, ಯಾರು ಸುಮ್ನೆ ರಾತ್ರಿ ಬಾಗಿಲು ತೆಗೆದು ಊಟ ಹಾಕಿ ಕಳಿಸಿದರು, ಇದೆಲ್ಲ. ಹಳೆಯ ನೋಟೀಸು, ಕಂದಾಯದ ರಸೀದಿ ಪೆಟ್ಟಿಗೆಯಲ್ಲಿದ್ದರೆ ಬಿಸಾಡಬೇಡಿ. ಹತ್ತನೇ ತರಗತಿಯವರು ನಾವು ಮನೆಮನೆಗೆ ಬಂದು ಕೇಳಿ ಬರೆದುಕೊಳ್ಳುತ್ತೇವೆ. ನವೆಂಬರ್ ರಾಜ್ಯೋತ್ಸವದ ಹೊತ್ತಿಗೆ ಆ ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಹಾಕುವುದಕ್ಕೆ ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಗದ್ದೆ ಇದ್ದವರದ್ದೂ, ಇಲ್ಲದವರದ್ದೂ.

ಜೈ ಹಿಂದ್. ಜೈ ಕರ್ನಾಟಕ.