ಇನ್ಫೋಸಿಸ್ ಅರ್ನಿಂಗ್ಸ್ ಕಾಲ್, 20 ಜುಲೈ 2023: ಸಣ್ಣ ಹೂಡಿಕೆದಾರರಿಗೆ ಸಾರಾಂಶ

ದೊಡ್ಡ ಸುದ್ದಿ ಒಂದೇ. 2023–24ರ ಆದಾಯ ಬೆಳವಣಿಗೆಯ ಗೈಡೆನ್ಸ್, ಅಂದರೆ ಕಂಪನಿಯೇ ಕೊಡುವ ಅಂದಾಜು, ಏಪ್ರಿಲ್‌ನಲ್ಲಿ 4–7% ಇತ್ತು, ಈ ಕಾಲ್‌ನಲ್ಲಿ 1–3.5%ಕ್ಕೆ ಇಳಿಯಿತು. ಕರೆನ್ಸಿ ವಿನಿಮಯ ದರದ ಏರಿಳಿತ ಬಿಟ್ಟು ನೋಡಿದ ಲೆಕ್ಕ ಇದು. ಹೊಸ ಗರಿಷ್ಠ ಮಟ್ಟವೇ ಹಳೇ ಕನಿಷ್ಠಕ್ಕಿಂತ ಕೆಳಗಿದೆ, ಗಮನಿಸಿ. ಮಾರ್ಜಿನ್, ಅಂದರೆ ಆದಾಯದಲ್ಲಿ ವ್ಯವಹಾರದ ಲಾಭವಾಗಿ ಉಳಿಯುವ ಪಾಲು, ಅದರ ಗೈಡೆನ್ಸ್ ಮಾತ್ರ 20–22%ರಲ್ಲೇ ಉಳಿಯಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಬಂದದ್ದು 20.8%.

ಕಾರಣ ಏನು? ತೀರಾ ತುರ್ತಲ್ಲದ ಕೆಲಸಗಳನ್ನು ಗ್ರಾಹಕರು ನಿಲ್ಲಿಸುತ್ತಿದ್ದಾರೆ ಅಥವಾ ನಿಧಾನ ಮಾಡುತ್ತಿದ್ದಾರೆ, ತೀರ್ಮಾನಕ್ಕೂ ಜಾಸ್ತಿ ಸಮಯ ತೆಗೆದುಕೊಳ್ಳುತ್ತಿದ್ದಾರೆ ಎಂದು ಸಿಇಒ ಸಲೀಲ್ ಪರೇಖ್ ಹೇಳಿದರು. ಹಣಕಾಸು, ಟೆಲಿಕಾಂ, ರೀಟೇಲ್‌ನ ಕೆಲ ಭಾಗಗಳಲ್ಲಿ ಹೊಡೆತ ಬಿದ್ದಿದೆ.

ವಿಶ್ಲೇಷಕರ ಮುಖ್ಯ ಗೊಂದಲ: ದೊಡ್ಡ ಡೀಲ್‌ಗಳು 230 ಕೋಟಿ ಡಾಲರ್‌ನಷ್ಟು ಬಂದಿವೆ, ಮತ್ತೆ ಗೈಡೆನ್ಸ್ ಯಾಕೆ ಇಳಿಯಿತು? ಸಹಿ ಆದ ಕೂಡಲೇ ದುಡ್ಡು ಬರಲ್ಲ ಅಲ್ವಾ. ಮೆಗಾ ಡೀಲ್‌ಗಳ, ಅಂದರೆ ತೀರಾ ದೊಡ್ಡ ಒಪ್ಪಂದಗಳ, ಆದಾಯ ವರ್ಷದ ಕೊನೆಯ ಕಡೆಗೆ ಕಾಣಿಸಲಿದೆ ಎಂಬುದು ಕಂಪನಿಯ ಉತ್ತರ. ಅಷ್ಟರಲ್ಲಿ ಹಳೇ ಕೆಲಸ ಇನ್ನಷ್ಟು ಕರಗಿದರೆ ಹೊಸದು ಬರೀ ಗುಂಡಿ ತುಂಬುತ್ತದೆ. ನನ್ನ ಪ್ರಕಾರ ಇದೇ ನಿಜವಾದ ಅಪಾಯ.

ಇನ್ನೊಂದು: ಸಂಬಳ ಏರಿಕೆ ಮುಂದಕ್ಕೆ ಹೋಗಿದೆ. ಅದು ಜಾರಿಯಾದಾಗ ಮಾರ್ಜಿನ್ ಮೇಲೆ ಭಾರ ಬೀಳುತ್ತದೆ. ಹಾಗಾಗಿ 20.8% ನೋಡಿ ಸುಮ್ನೆ ಖುಷಿಪಡಬೇಡಿ. ಮುಂದಿನ ಕಾಲ್‌ನಲ್ಲಿ ಮೊದಲು ಕೇಳಬೇಕಾದದ್ದು, ಆ ಮೆಗಾ ಡೀಲ್‌ಗಳ ಕೆಲಸ ಶುರುವಾಯಿತೇ ಎಂದು.